ಪಾಯಸ ಕಳ್ಳ ಅಲ್ಲ, ಸ್ಟ್ರಿಪ್ ಜಡ್ಜ್ ಅಲ್ಲ

1/6
ಹಬ್ಬ ಬಂದ್ರೆ ಗಸಗಸೆ ಪಾಯಸದ ಮೇಲೆ ಎರಡು ಥರದ ಮಾತು ಶುರು. ಒಂದು, "ಗಸಗಸೆ ಅಂದ್ರೆ ಅಫೀಮು, ಕುಡಿದ್ರೆ ನಶೆ." ಇನ್ನೊಂದು, "ಅಜ್ಜಿ ಕಾಲದಿಂದ ಕುಡೀತಿದೀವಿ, ಏನೂ ಇಲ್ಲ ಅದರಲ್ಲಿ." ಎರಡೂ ತಪ್ಪು ಕಣ್ರೋ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕಾಯಿಗೇನು ಬರ? ತುರಿದು ಗಸಗಸೆ ಜೊತೆ ರುಬ್ಬೋದೇ. ಆದ್ರೆ ಇದೇ ಮನೆಗಳ ಹುಡುಗ ಹುಡುಗೀರು ಈಗ ಮೂತ್ರ ಪರೀಕ್ಷೆ ಕೇಳೋ ಕೆಲಸಗಳಿಗೂ ಅರ್ಜಿ ಹಾಕ್ತಿದ್ದಾರೆ. ಹಾಗಾಗಿ ಲೆಕ್ಕ ಗೊತ್ತಿರಬೇಕು.

2/6
ಗಸಗಸೆ ಬರೋದು ಅಫೀಮು ಗಿಡದಿಂದಲೇ, ಅದು ನಿಜ. ಅಫೀಮು ಇರೋದು ಹಸಿ ಕಾಯಿಯ ಹಾಲಿನಲ್ಲಿ. ಬೀಜದ ಒಳಗೆ ಮಾರ್ಫಿನ್ ಇಲ್ಲ ಅನ್ನೋಷ್ಟು ಕಡಿಮೆ. ಕೊಯ್ಲಲ್ಲಿ ಕಾಯಿ ಒಡೆದಾಗ ಆ ಹಾಲು, ಸಿಪ್ಪೆಯ ಪುಡಿ ಬೀಜದ ಮೈಗೆ ಅಂಟಿಕೊಳ್ಳುತ್ತೆ. ಮಾರ್ಫಿನ್, ಕೋಡೀನ್ ಬರೋದು ಹೆಚ್ಚಾಗಿ ಅಲ್ಲಿಂದ. ಅದಕ್ಕೇ ಒಂದು ಪ್ಯಾಕೆಟ್‌ಗೂ ಇನ್ನೊಂದಕ್ಕೂ ಪ್ರಮಾಣ ಹತ್ತಾರು ಪಟ್ಟು ಬೇರೆ ಇರಬಹುದು. ನೋಡಿದ್ರೆ, ಮೂಸಿದ್ರೆ ಗೊತ್ತಾಗಲ್ಲ. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಕೂಡ ಒಣ ಗಿಡದ ಭಾಗಗಳನ್ನ ನಿಯಂತ್ರಣಕ್ಕೆ ತಂದು, ಬೀಜವನ್ನ ಮಾತ್ರ ಹೊರಗಿಟ್ಟಿದೆ.

3/6
ಬಿಕಾಂನವನಲ್ವಾ, ಲೆಕ್ಕ ಹಾಕ್ತೀನಿ. ಯುರೋಪಿನಲ್ಲಿ 2022ರ ಜುಲೈಯಿಂದ ಅಂಗಡಿಯಲ್ಲಿ ಮಾರೋ ಗಸಗಸೆಗೆ ಮಿತಿ ಇದೆ: ಕೆಜಿಗೆ 20 ಮಿಲಿಗ್ರಾಂ. ಎರಡು ಲೋಟ ಪಾಯಸದಲ್ಲಿ 10 ಗ್ರಾಂ ಗಸಗಸೆ ಅಂದ್ಕೊಳ್ಳಿ. ಅಲ್ಲಿಗೆ ಹೆಚ್ಚೆಂದರೆ 0.2 ಮಿಲಿಗ್ರಾಂ. ಆಸ್ಪತ್ರೆಯಲ್ಲಿ ನೋವಿಗೆ ಕೊಡೋ ಮಾರ್ಫಿನ್ ಮಾತ್ರೆ ಸಾಮಾನ್ಯವಾಗಿ 10 ಮಿಲಿಗ್ರಾಂ, ಅಂದ್ರೆ 50 ಪಟ್ಟು. ನಶೆ ಎಲ್ಲಿಂದ ಬರಬೇಕು? ಹೋಳಿಗೆ, ತುಪ್ಪ, ಪಾಯಸ ಮುಗಿಸಿದ ಮೇಲೆ ನಿದ್ದೆ ಬಂದ್ರೆ ಅದು ಊಟದ ಭಾರ. ಆದ್ರೆ ಇದು ಅಡುಗೆಯ ಲೆಕ್ಕ ಮಾತ್ರ. ತೊಳೆಯದ ಬೀಜ ರಾಶಿ ನೆನೆಸಿ ಆ ನೀರು ಕುಡಿದು ಅಮೆರಿಕದಲ್ಲಿ ಜನ ಸತ್ತಿದ್ದಾರೆ. ಅದು ಪಾಯಸ ಅಲ್ಲ, ವಿಷ.

4/6
ಈಗ ಮೂತ್ರದ ಲೆಕ್ಕ. ಆ 0.2 ಮಿಲಿಗ್ರಾಂ ಅಷ್ಟೂ ಒಂದು ದಿನದ ಒಂದೂವರೆ ಲೀಟರ್ ಮೂತ್ರದಲ್ಲೇ ಹೋಯ್ತು ಅಂತ ಇಟ್ಕೊಳ್ಳಿ. ಒಂದು ಎಂಎಲ್‌ಗೆ ಸುಮಾರು 133 ನ್ಯಾನೋಗ್ರಾಂ. ಬೀಜ ಐದು ಪಟ್ಟು ಕೊಳಕಿದ್ರೆ ಸುಮಾರು 667. ಇದು ದಿನದ ಸರಾಸರಿ, ಕುಡಿದ ಮೊದಲ ಕೆಲವು ಗಂಟೆ ಇನ್ನೂ ಜಾಸ್ತಿ ಇರಬಹುದು. ಇನ್ನು ಸ್ಟ್ರಿಪ್ ನೋಡಿ. ಒಂದು ಥರದ್ದು 300 ದಾಟಿದ್ರೆ ಪಾಸಿಟಿವ್ ತೋರಿಸುತ್ತೆ, ಇನ್ನೊಂದು 2000 ದಾಟಿದ್ರೆ. ಒಬ್ಬನೇ ಮನುಷ್ಯ, ಅದೇ ಪಾಯಸ. 667 ಇದ್ರೆ ಒಂದರಲ್ಲಿ ಫೇಲ್, ಇನ್ನೊಂದರಲ್ಲಿ ಪಾಸ್! ಅಮೆರಿಕ ಸರ್ಕಾರ 1998ರಲ್ಲೇ ತನ್ನ ನೌಕರರ ಪರೀಕ್ಷೆಯ ಗೆರೆಯನ್ನ 300ರಿಂದ 2000ಕ್ಕೆ ಏರಿಸ್ತು. ಕಾರಣ ಗಸಗಸೆಯೇ. ಇಷ್ಟಾದ್ಮೇಲೂ 300ರ ಸ್ಟ್ರಿಪ್ ಒಂದನ್ನೇ ನಂಬಿ ಯಾರನ್ನಾದ್ರೂ ಮನೆಗೆ ಕಳಿಸಿದ್ರೆ ಅದು ಪರೀಕ್ಷೆ ಅಲ್ಲ, ಸೋಮಾರಿತನ.

5/6
ಸ್ಟ್ರಿಪ್ ಹೇಳೋದು "ಈ ಜಾತಿಯ ವಸ್ತು ಏನೋ ಇದೆ" ಅಂತ ಅಷ್ಟೇ. ಕೋಡೀನ್ ಇರೋ ಕೆಮ್ಮಿನ ಸಿರಪ್‌ಗೂ ಅದು ಪಾಸಿಟಿವ್ ಆಗುತ್ತೆ. ಯಾವುದು ಎಷ್ಟಿದೆ ಅಂತ ಅಳೆಯೋಕೆ ಲ್ಯಾಬಿನ ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕು. ಹೆರಾಯಿನ್ ತಗೊಂಡವರ ಮೂತ್ರದಲ್ಲಿ 6-ಅಸಿಟೈಲ್ ಮಾರ್ಫಿನ್ ಅನ್ನೋ ಗುರುತು ಸಿಗುತ್ತೆ. ಗಸಗಸೆಯಿಂದ ಅದು ಬರೋದೇ ಇಲ್ಲ. ಒಂದು ಮಿತಿ ಇದೆ: ಆ ಗುರುತು ಬೇಗ ಮಾಯ ಆಗುತ್ತೆ, ಹಾಗಾಗಿ ಸಿಗಲಿಲ್ಲ ಅಂದಮಾತ್ರಕ್ಕೆ ಹೆರಾಯಿನ್ ತಗೊಂಡಿಲ್ಲ ಅಂತಲೂ ಆಗಲ್ಲ. ಅದಕ್ಕೇ ಅಳತೆಯೂ ಬೇಕು, ಏನು ತಿಂದೆ ಅಂತ ಕೇಳೋ ಡಾಕ್ಟ್ರೂ ಬೇಕು.

6/6
ಅಡುಗೆಮನೆಯಲ್ಲಿ ಮಾಡಬೇಕಾದ್ದು ಸುಲಭ. ಹೊಲಸು ಇರೋದು ಮೈಮೇಲೆ, ಅಂದಮೇಲೆ ಚೆನ್ನಾಗಿ ತೊಳೀರಿ, ನೆನೆಸಿದ ನೀರು ಚೆಲ್ಲಿ, ಅದನ್ನೇ ಹಾಕಿ ರುಬ್ಬಬೇಡಿ. ಪ್ರಮಾಣ ತುಂಬಾ ಇಳಿಯುತ್ತೆ, ಸೊನ್ನೆ ಆಗುತ್ತೆ ಅಂತಲ್ಲ. ಪರೀಕ್ಷೆಗೆ ಮೂರು ದಿನ ಮುಂಚಿನಿಂದ ಪಾಯಸ ಬೇಡ. ತಿಂದಾಗಿದ್ರೆ ಸ್ಯಾಂಪಲ್ ಕೊಡೋ ಮುಂಚೆಯೇ ಫಾರ್ಮಿನಲ್ಲಿ ಬರೀರಿ. ಪಾಸಿಟಿವ್ ಬಂದ್ರೆ ಮೂರು ಪ್ರಶ್ನೆ ಲಿಖಿತವಾಗಿ ಕೇಳಿ: ಗೆರೆ 300ಆ 2000ಆ? ಲ್ಯಾಬಲ್ಲಿ ಖಚಿತ ಪಡಿಸಿದ್ರಾ? ಸಂಖ್ಯೆ ಎಷ್ಟು? ಸಿಂಗಾಪುರ, ದುಬೈಗೆ ಹೋಗೋ ಅಣ್ಣಂದಿರ ಬ್ಯಾಗಿಗೆ ಮಾತ್ರ ಅಮ್ಮ ಪ್ರೀತಿಯಿಂದ ಗಸಗಸೆ ಪೊಟ್ಟಣ ತುರುಕೋಕೆ ಬಿಡಬೇಡಿ. ಅಲ್ಲಿ ಬೀಜಕ್ಕೇ ನಿಷೇಧ. ಕೊಬ್ಬರಿ ಕಳಿಸಿ, ಸಾಕು.