ಗುಟ್ಟು ಯಾವುದು? ಎಷ್ಟು ಕಾಲ?

ಇಚಲಕರಂಜಿಯ ಮಗ್ಗಗಳಿಗೆ ಡಾಬಿ, ಜಕಾರ್ಡ್ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲಿ ರಚಿಸಿಕೊಡುವವರು, ಗಡಹಿಂಗ್ಲಜದಲ್ಲಿ ಕನ್ನಡ–ಮರಾಠಿ ಭಾಷಾಂತರ ಮಾಡುವವರು, ಕೊಲ್ಹಾಪುರದಲ್ಲಿ ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವವರು ಯಾರೊಬ್ಬರ ನೌಕರರೂ ಅಲ್ಲ. ಆದರೂ ಕೆಲಸಕ್ಕೆ ಮುನ್ನ ಗೋಪ್ಯತಾ ಕರಾರಿಗೆ ಸಹಿ ಹಾಕಿರೆಂದು ಅವರನ್ನು ಕೇಳುವುದುಂಟು. ಅಂಥ ಕರಾರಿನಲ್ಲಿ ಹೆಚ್ಚಾಗಿ ಕಾಣುವ ಮಾತು ಇದು: ‘ಕೆಲಸದ ನಿಮಿತ್ತ ತಿಳಿದ ಸಕಲ ಮಾಹಿತಿಯೂ ಶಾಶ್ವತವಾಗಿ ಗೋಪ್ಯ.’ ಈ ಒಂದು ವಾಕ್ಯವನ್ನು ಬಿಡಿಸಿ ಬರೆಯುವ ಬಗೆಯನ್ನು ಈ ವಾರ ನೋಡೋಣ.

ಉದಾಹರಣೆಗಾಗಿ ಒಬ್ಬ ವಿನ್ಯಾಸಗಾರನನ್ನು ಕಲ್ಪಿಸಿಕೊಳ್ಳೋಣ. ಬಟ್ಟೆ ವ್ಯಾಪಾರಿಯೊಬ್ಬರು ಅವನಿಗೆ ಹೊಸ ಶರ್ಟಿಂಗಿನ ಮಾದರಿ ತುಂಡು, ನೂಲಿನ ಕೌಂಟ್, ರೀಡ್–ಪಿಕ್ ಲೆಕ್ಕ, ಕೊಳ್ಳುವವರ ಹೆಸರು ಹಾಗೂ ಮೀಟರಿನ ದರ ಕೊಡುತ್ತಾರೆ. ಇವೆಲ್ಲ ಗುಟ್ಟೇ ಸರಿ; ಆದರೆ ಒಂದೇ ಬಗೆಯ ಗುಟ್ಟಲ್ಲ. ಟ್ವಿಲ್, ಸ್ಯಾಟಿನ್ ನೇಯ್ಗೆಯ ಕಟ್ಟನ್ನು ಅವನು ಮೊದಲೇ ಬಲ್ಲ. ಅದು ಅವನ ವಿದ್ಯೆ. ಆದುದರಿಂದ ಗೋಪ್ಯವಾದುದನ್ನು ಹೆಸರಿಸಿಯೇ ಬರೆಯಬೇಕು:

‘ವ್ಯಾಪಾರಿಯು ಕೊಟ್ಟ ಮಾದರಿ, ಅದರ ಕೌಂಟ್ ಮತ್ತು ರೀಡ್–ಪಿಕ್, ಅದಕ್ಕಾಗಿ ರಚಿಸಿದ ವಿನ್ಯಾಸದ ಕಡತ, ಕೊಳ್ಳುವವರ ಹೆಸರು, ದರ: ಇಷ್ಟು ಮಾತ್ರ ಗೋಪ್ಯ. ವಿನ್ಯಾಸಗಾರನು ಮೊದಲೇ ಬಲ್ಲದ್ದು, ಅವನ ತಪ್ಪಿಲ್ಲದೆ ಬಹಿರಂಗವಾದದ್ದು, ಬೇರೊಬ್ಬರಿಂದ ನ್ಯಾಯವಾಗಿ ದೊರೆತದ್ದು, ನ್ಯಾಯಾಲಯವು ಹೇಳೆಂದು ಆಜ್ಞಾಪಿಸಿದ್ದು ಇದರಲ್ಲಿ ಸೇರುವುದಿಲ್ಲ.’

ಬಾಯಿಮಾತಿನಲ್ಲಿ ಹೇಳಿದ ಗುಟ್ಟೇ ಮುಂದೆ ಜಗಳಕ್ಕೆ ಮೂಲವಾಗುತ್ತದೆ. ಹೇಳಿದ ಏಳು ದಿನಗಳೊಳಗೆ ಅದನ್ನು ಬರಹದಲ್ಲಿ ತಿಳಿಸಿದರಷ್ಟೇ ಗೋಪ್ಯವೆಂದು ಸೇರಿಸಿಕೊಂಡರೆ ಇಬ್ಬರಿಗೂ ಕ್ಷೇಮ.

ಇನ್ನು ಅವಧಿ. ಬಟ್ಟೆ ಮಾರುಕಟ್ಟೆಗೆ ಬಂದ ದಿನ ಯಾರಾದರೂ ಒಂದು ತುಂಡು ಕೊಂಡು, ಮಸೂರ ಹಿಡಿದು ಎಳೆ ಎಣಿಸಬಲ್ಲರು. ರೀಡ್–ಪಿಕ್ಕಿನ ಗುಟ್ಟು ಅಲ್ಲಿಗೆ ಮುಗಿಯಿತು. ದರದ ಗುಟ್ಟು ಒಂದೆರಡು ಹಂಗಾಮು ಬಾಳುತ್ತದೆ. ಕೊಳ್ಳುವವರ ಹೆಸರು ಅದಕ್ಕಿಂತ ಹೆಚ್ಚು ಕಾಲ ಬೆಲೆಯುಳ್ಳದ್ದು. ಹಾಗಾಗಿ ‘ವಿನ್ಯಾಸದ ವಿವರ ಬಟ್ಟೆ ಮಾರಾಟಕ್ಕೆ ಬರುವವರೆಗೆ, ಹೆಚ್ಚೆಂದರೆ ಒಂದು ವರ್ಷ, ದರ ಒಂದು ವರ್ಷ, ಕೊಳ್ಳುವವರ ಹೆಸರು ಎರಡು ವರ್ಷ’ ಎಂದು ಪ್ರತ್ಯೇಕವಾಗಿ ಬರೆಯುವುದು ಲೇಸು. ಎಣಿಕೆ ಯಾವ ದಿನದಿಂದ ಎಂಬುದನ್ನೂ ಹೇಳಬೇಕು. ಕೊನೆಯ ಕಡತ ಒಪ್ಪಿಸಿದ ದಿನವೆಂದರೆ ತಕರಾರಿಗೆ ಎಡೆಯಿಲ್ಲ.

ವ್ಯಾಪಾರಿಯ ಕಡೆಗೂ ಒಂದು ಮಾತು. 2000ದ ಡಿಸೈನ್ಸ್ ಕಾಯಿದೆಯಂತೆ ವಿನ್ಯಾಸವನ್ನು ನೋಂದಾಯಿಸಬೇಕಾದರೆ, ಅರ್ಜಿ ಕೊಡುವ ಮೊದಲು ಅದು ಬಹಿರಂಗವಾಗಿರಬಾರದು. ಅಂಥ ಉದ್ದೇಶವಿದ್ದವರು ‘ನೋಂದಣಿಯ ಅರ್ಜಿ ಸಲ್ಲುವವರೆಗೆ ವಿನ್ಯಾಸಗಾರನು ತನ್ನ ಕೆಲಸದ ನಮೂನೆಯಾಗಿಯೂ ಇದನ್ನು ಯಾರಿಗೂ ತೋರಿಸತಕ್ಕದ್ದಲ್ಲ’ ಎಂದು ಕಾಣಿಸಬೇಕು.

ಗೋಪ್ಯತೆಯ ಹೆಸರಿನಲ್ಲಿ ನುಸುಳುವ ಇನ್ನೊಂದು ಷರತ್ತನ್ನು ಎಚ್ಚರದಿಂದ ಓದಬೇಕು: ‘ಮುಂದಿನ ಮೂರು ವರ್ಷ ಬೇರೆ ವ್ಯಾಪಾರಿಗಳಿಗೆ ಇಂಥ ಕೆಲಸ ಮಾಡತಕ್ಕದ್ದಲ್ಲ.’ ಇದು ಗುಟ್ಟು ಕಾಯುವುದಲ್ಲ, ಕಸುಬು ಕಟ್ಟಿಹಾಕುವುದು. 1872ರ ಕರಾರು ಕಾಯಿದೆಯ 27ನೆಯ ಕಲಮು, ಯಾರನ್ನಾದರೂ ನ್ಯಾಯವಾದ ಉದ್ಯೋಗದಿಂದ ತಡೆಯುವ ಕರಾರು ಅಷ್ಟರಮಟ್ಟಿಗೆ ಶೂನ್ಯವೆನ್ನುತ್ತದೆ. ಕ್ರಿಕೆಟಿಗ ಜಹೀರ್ ಖಾನ್ ಹಾಗೂ ಅವರ ಜಾಹೀರಾತು ವ್ಯವಹಾರ ನೋಡುತ್ತಿದ್ದ ಪರ್ಸೆಪ್ಟ್ ಸಂಸ್ಥೆಯ ನಡುವಿನ ಮೊಕದ್ದಮೆಯಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕರಾರಿನ ಅವಧಿ ಮುಗಿದ ಮೇಲೂ ಆಟಗಾರನನ್ನು ಕಟ್ಟಿಹಾಕುವ ಷರತ್ತು ನಡೆಯದೆಂದಿತು. ಈ ತತ್ತ್ವ ನೌಕರಿಯ ಕರಾರುಗಳಿಗಷ್ಟೇ ಸೀಮಿತವಲ್ಲವೆಂದೂ ಹೇಳಿತು. ಸ್ವತಂತ್ರ ಕೆಲಸಗಾರರಿಗೆ ಇದು ನೇರವಾಗಿ ಒದಗುವ ತೀರ್ಪು. ಆದರೆ ಹಳೆಯ ವ್ಯಾಪಾರಿಯ ಕಡತವನ್ನೇ ಹೊಸಬರಿಗೆ ಮಾರಿದವನಿಗೆ ಅದು ಆಸರೆಯಾಗದು.

ಕರಾರು ಮುರಿದರೆ ‘ಐದು ಲಕ್ಷ ದಂಡ’ ಎಂದು ಬರೆದಿದ್ದರೂ ಅಷ್ಟೂ ಹಣ ತಾನಾಗಿ ಸಿಗುವುದಿಲ್ಲ. 74ನೆಯ ಕಲಮಿನಂತೆ ಆ ಮೊತ್ತವೇ ಮೇಲಿನ ಮಿತಿ. ಅದರೊಳಗೆ ಯುಕ್ತವಾದ ಪರಿಹಾರವನ್ನು ನ್ಯಾಯಾಲಯ ಗೊತ್ತುಮಾಡುತ್ತದೆ. ಆದ್ದರಿಂದ ಕೆಲಸದ ಮಜೂರಿಗೆ ಹೊಂದುವ ಮೊತ್ತವನ್ನೇ ಕಾಣಿಸುವುದು ಉಭಯತರಿಗೂ ಒಳ್ಳೆಯದು.

ಕೊನೆಗೆ ಭಾಷೆ. ಕರಾರು ಇಂಥ ಭಾಷೆಯಲ್ಲೇ ಇರಬೇಕೆಂದು ಕರಾರು ಕಾಯಿದೆ ಹೇಳಿಲ್ಲ. ಕನ್ನಡದಲ್ಲಿ ಬರೆದ ಕರಾರೂ ಕರಾರೇ. ಇಲ್ಲಿಯ ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಭಾಷಾಂತರ ಜೊತೆಗಿರಬೇಕು. ಎರಡು ಭಾಷೆಯಲ್ಲಿ ಬರೆದುಕೊಂಡರೆ, ಭೇದ ಕಂಡಾಗ ಯಾವ ಪಾಠ ಪ್ರಮಾಣವೆಂಬುದನ್ನು ಅಲ್ಲೇ ಹೇಳಿಬಿಡಬೇಕು. ಸಹಿ ಹಾಕಿದ ಮೇಲೆ ‘ಅದು ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬರಲಿಲ್ಲ’ ಎಂಬ ಮಾತಿಗೆ ಸಾಮಾನ್ಯವಾಗಿ ಬೆಲೆಯಿರದು.