ಮೂರನೆಯ ‘ಧಾ’ ಎಲ್ಲಿ ಬೀಳುತ್ತದೆ?

ಅವರ್ಸಾದ ಮನೆಯೊಂದರ ಜಗುಲಿಯಲ್ಲಿ ಮೊಮ್ಮಗ ತಬಲಾ ಹಿಡಿದು ಕೂತಿದ್ದ. ಅಜ್ಜ ತೀನ್‌ತಾಲಕ್ಕೆ ಕೈತಾಳ ಹಾಕುತ್ತಿದ್ದರು. ಈ ತಾಳಕ್ಕೆ 16 ಮಾತ್ರೆ. 1, 5, 13ಕ್ಕೆ ಚಪ್ಪಾಳೆ. 9ಕ್ಕೆ ಖಾಲಿ, ಅಂದರೆ ಕೈ ಬೀಸುವುದು. ಮೊದಲನೆಯ ಮಾತ್ರೆಗೆ ‘ಸಮ್’ ಎನ್ನುತ್ತಾರೆ.

ಹುಡುಗ ‘ತಿಟ ಕತ ಗದಿ ಗನ ಧಾ’ ಎಂದು ಮೂರು ಸಲ ನುಡಿಸಿದ. ಇದೇ ತಿಹಾಯಿ. ಕೊನೆಯ ‘ಧಾ’ ಸಮ್ ಮೇಲೆ ಬೀಳಬೇಕು. ಆದರೆ ಅದು ಮೊದಲೇ ಬಿತ್ತು!

“ಅಜ್ಜಾ, ಎಲ್ಲಿ ತಪ್ಪಿದೆ?”

“ಬೆರಳಲ್ಲಿ ಎಣಿಸು ಮಗಾ. ಒಂದು ತುಂಡಿಗೆ ಐದು ಮಾತ್ರೆ. ಮೂರು ಐದಲೆ ಹದಿನೈದು. ನಿನ್ನ ‘ಧಾ’ 15ಕ್ಕೇ ಮುಗಿಯಿತು.”

“ಹಾಗಾದರೆ ಹದಿನಾರು ಮಾಡಬೇಕೇ?”

“ಅಲ್ಲ. 16 ಮುಗಿದ ಮೇಲೆ ಬರುವುದೇ ಸಮ್. ಹಾಗಾಗಿ 17 ಬೇಕು.”

ಹುಡುಗ ತುಂಡುಗಳ ನಡುವೆ ಒಂದೊಂದು ಮಾತ್ರೆ ಸುಮ್ಮನಿದ್ದ. 5+1+5+1+5, ಒಟ್ಟು 17. ಈಗ ‘ಧಾ’ಗಳು 5, 11, 17ಕ್ಕೆ ಬಂದವು. ಮೊದಲನೆಯದು ಎರಡನೆಯ ಚಪ್ಪಾಳೆಗೆ, ಕೊನೆಯದು ಸರಿಯಾಗಿ ಸಮ್‌ಗೆ.

“ನಡುವೆ ನಿಲ್ಲದೇ ನುಡಿಸಬೇಕೆಂದರೆ?”

“ಮೂರನೆಯ ಮಾತ್ರೆಯಿಂದ ಹೊರಡು. ಆಗ ‘ಧಾ’ 7, 12, 17ಕ್ಕೆ ಬರುತ್ತದೆ.”

ಪುಟಾಣಿಗಳೇ, ನೀವೂ ಅಜ್ಜ ಅಜ್ಜಿಯರ ಕೈಯಲ್ಲಿ ತಾಳ ಹಾಕಿಸಿ ಬಾಯಲ್ಲೇ ಹೇಳಿ ನೋಡಿ. ಅವಸರ ಮಾಡಿದರೆ ಸುಮ್ಮನಿರುವ ಮಾತ್ರೆಯೇ ಮೊದಲು ಮಾಯವಾಗುತ್ತದೆ, ಜೋಕೆ! ಒಂದು ಲೆಕ್ಕ: ತುಂಡಿಗೆ ಮೂರೇ ಮಾತ್ರೆಯಿದ್ದರೆ, ನಡುವೆ ಎಷ್ಟೆಷ್ಟು ಬಿಟ್ಟರೆ 17 ಆದೀತು?