64 ಜನ, 41 ಸೀಟು: ಮನೆಯಿಂದ ಕೆಲಸದ ಕುರಿತು ಹಕ್ಕೊತ್ತಾಯ ಪತ್ರ

ಇವರಿಗೆ:
ಆಡಳಿತ ವರ್ಗ ಮತ್ತು ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರು,
ಹೊರವರ್ತುಲ ರಸ್ತೆ ಕಚೇರಿ, ಬೆಂಗಳೂರು

ಮಾನ್ಯರೇ,

ವಾರದ ಐದೂ ದಿನ ಕಚೇರಿಗೆ ಬರಬೇಕೆಂಬ ನಿಮ್ಮ ಆದೇಶ ನಮ್ಮ ಕೈಸೇರಿದ್ದು ಒಂದು ಶುಕ್ರವಾರ ಸಂಜೆ. ಜಾರಿಗೆ ಬಂದದ್ದು ಅದರ ಮರು ಸೋಮವಾರ. ನಡುವೆ ಯಾರೂ ನಮ್ಮನ್ನು ಒಂದು ಮಾತು ಕೇಳಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಊಟದ ಮೇಜನ್ನೇ ಕಚೇರಿ ಮಾಡಿಕೊಂಡು ಗ್ರಾಹಕರ ಕೆಲಸ ನಿಲ್ಲದಂತೆ ನೋಡಿಕೊಂಡವರು ನಾವು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತ ನೀರು ನಿಂತು, ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋಗುವಂತಾದಾಗ ‘ಮನೆಯಿಂದಲೇ ಮಾಡಿ’ ಎಂದವರು ನೀವು. ಮಳೆಯಲ್ಲಿ ನಡೆದ ಏರ್ಪಾಡು ಬಿಸಿಲಿನಲ್ಲಿ ಏಕೆ ನಡೆಯದು ಎಂಬುದನ್ನು ಆದೇಶ ಹೇಳುವುದಿಲ್ಲ.

ಐದು ದಿನದ ಹಾಜರಿಯಿಂದ ಆಗಿರುವುದಿಷ್ಟು. ನಮ್ಮ ತಂಡದಲ್ಲಿ 64 ಜನ, ಮಹಡಿಯಲ್ಲಿ ನಮಗಿರುವುದು 41 ಸೀಟು. ಉಳಿದ 23 ಮಂದಿ ಕ್ಯಾಂಟೀನಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. ಪಕ್ಕದಲ್ಲಿದ್ದವರೊಂದಿಗೆ ಮಾತಾಡಲಿ ಎಂದು ಕರೆಸಿದಿರಿ. ನಾವು ಹೆಡ್‌ಫೋನ್ ಹಾಕಿಕೊಂಡು ಪುಣೆಯ ಸಹೋದ್ಯೋಗಿಗಳ ಜೊತೆ ಮಾತಾಡುತ್ತಿದ್ದೇವೆ. ಕೆಂಗೇರಿಯಿಂದ ಬರುವವರಿಗೆ ಒಂದು ಕಡೆಗೇ ಒಂದು ಮುಕ್ಕಾಲು ಗಂಟೆ, ಅಂದರೆ ವಾರಕ್ಕೆ ಹದಿನೇಳೂವರೆ ಗಂಟೆ ರಸ್ತೆಯ ಪಾಲು. ಅಮೆರಿಕದ ಗ್ರಾಹಕರ ಕರೆ ಶುರುವಾಗುವುದು ಸಂಜೆ 7.30ಕ್ಕೆ, ಆ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರು ಮಾರತಹಳ್ಳಿಯ ದಟ್ಟಣೆಯಲ್ಲಿ, ತುಂಡು ತುಂಡಾಗಿ ಕೇಳಿಸುವ ಫೋನನ್ನು ಕಿವಿಗೊತ್ತಿಕೊಂಡಿರುತ್ತಾರೆ.

ಆದ್ದರಿಂದ ನಾವು ಕೇಳುವುದು:

1. ಐದು ದಿನದ ಹಾಜರಿ ಆದೇಶವನ್ನು ನಮ್ಮ ತಂಡದ ಮಟ್ಟಿಗೆ ಹಿಂಪಡೆದು, ವಾರಕ್ಕೆ ಎರಡು ದಿನ ಕಚೇರಿ, ಮೂರು ದಿನ ಮನೆ ಎಂದು ನಿಗದಿ ಮಾಡಬೇಕು.

2. ಈ ಏರ್ಪಾಡು ಮ್ಯಾನೇಜರ್ ಅವರ ಬಾಯಿಮಾತಿನ ಕೃಪೆಯಾಗಿರದೆ, ಪ್ರತಿ ನೌಕರರ ನೇಮಕಾತಿ ಷರತ್ತಿಗೆ ಸೇರುವ ಸಹಿ ಹಾಕಿದ ಪತ್ರವಾಗಿರಬೇಕು.

(ಮನೆಯಿಂದ ಕೆಲಸವನ್ನು ಎಲ್ಲ ನೌಕರರ ಹಕ್ಕೆಂದು ನಮ್ಮ ಕಾನೂನು ಹೇಳುವುದಿಲ್ಲ, ಅದು ನಮಗೂ ಗೊತ್ತು. ಬರಹದಲ್ಲಿ ಕೇಳುತ್ತಿರುವುದು ಅದಕ್ಕಾಗಿಯೇ: ಮೂರು ವರ್ಷದಲ್ಲಿ ಮ್ಯಾನೇಜರ್ ನಾಲ್ಕು ಬಾರಿ ಬದಲಾದರು, ಪ್ರತಿ ಸಲವೂ ಹಳೆಯ ಮಾತು ಅವರ ಜೊತೆಗೇ ಹೊರಟುಹೋಯಿತು.)

3. ಏರ್ಪಾಡನ್ನು ಬದಲಿಸುವುದಾದರೆ 60 ದಿನ ಮುಂಚೆ ಕಾರಣಸಹಿತ ಲಿಖಿತ ಸೂಚನೆ ಕೊಡಬೇಕು.

4. ಹೆರಿಗೆ ರಜೆ ಮುಗಿಸಿ ಬರುವವರಿಗೆ, ಕೆಲಸದ ಸ್ವರೂಪ ಒಪ್ಪುವಲ್ಲಿ ಪರಸ್ಪರ ಒಪ್ಪಿದ ಷರತ್ತಿನ ಮೇಲೆ ಮನೆಯಿಂದ ಕೆಲಸ ಮಾಡಲು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ತೆರೆದಿಟ್ಟ ದಾರಿಯನ್ನು ಬಳಸಿ, ಮೊದಲ ಆರು ತಿಂಗಳು ಪೂರ್ತಿ ಮನೆಯಿಂದ ಕೆಲಸಕ್ಕೆ ಅವಕಾಶ ಕೊಡಬೇಕು.

5. ಗೇಟಿನ ಕಾರ್ಡ್ ಸ್ವೈಪ್ ಲೆಕ್ಕವನ್ನು ಅಪ್ರೈಸಲ್, ಬಡ್ತಿ ಮತ್ತು ಬೋನಸ್‌ನಿಂದ ಸಂಪೂರ್ಣ ಹೊರಗಿಡಬೇಕು.

6. ಊರಲ್ಲಿ ವಯಸ್ಸಾದ ತಂದೆ ತಾಯಿಯರಿರುವವರಿಗೆ ವರ್ಷಕ್ಕೆ 15 ಕೆಲಸದ ದಿನ ಶಿವಮೊಗ್ಗ, ಕಲಬುರಗಿ ಅಥವಾ ತಮ್ಮ ಊರು ಯಾವುದೋ ಅಲ್ಲಿಂದಲೇ ಕೆಲಸ ಮಾಡಲು ಅನುಮತಿ ಇರಬೇಕು.

7. ಮನೆಯಲ್ಲಿ ಕ್ಯಾಮೆರಾ ಸದಾ ತೆರೆದಿಡಿಸುವುದು, ಪರದೆಯ ಚಿತ್ರ ಕದ್ದು ತೆಗೆಯುವುದು, ಕೀಬೋರ್ಡ್ ಒತ್ತಿದ್ದನ್ನು ಎಣಿಸುವುದು ಇವು ಯಾವ ಹೆಸರಿನಲ್ಲೂ ಬರಕೂಡದು.

ಬರಿಗೈಯಲ್ಲಿ ಕೇಳಲು ನಾವು ಬಂದಿಲ್ಲ. ಕೊಡುವುದೇನು ಎಂಬುದಕ್ಕೆ ಮೊದಲು ಸೀಟಿನ ಲೆಕ್ಕ ನೋಡಿ. ಎಲ್ಲರೂ ಮಂಗಳವಾರ, ಗುರುವಾರ ಬರುತ್ತೇವೆ ಎಂದರೆ ಕೇಳಲು ಚೆಂದ. ಆದರೆ ಆ ಎರಡು ದಿನ ನಿಮಗೆ 64 ಸೀಟು ಬೇಕು, ಉಳಿದ ಮೂರು ದಿನ ಎಲ್ಲವೂ ಖಾಲಿ. ಹಾಗಾಗಿ ತಂಡವನ್ನು 32 ಜನರ ಎರಡು ಗುಂಪು ಮಾಡಿದ್ದೇವೆ. ಮೊದಲ ಗುಂಪು ಮಂಗಳ, ಬುಧ. ಎರಡನೆಯದು ಗುರು, ಶುಕ್ರ. ಸೋಮವಾರ ಎಲ್ಲರೂ ಮನೆಯಲ್ಲಿ. ಒಬ್ಬರೂ ಕ್ಯಾಂಟೀನಿಗೆ ಹೋಗಬೇಕಿಲ್ಲ, 41ರಲ್ಲಿ ಒಂಬತ್ತು ಸೀಟು ನಿಮಗೇ ಉಳಿಯುತ್ತದೆ. ಕೆಂಗೇರಿಯವರಿಗೆ ವಾರದಲ್ಲಿ ಹತ್ತೂವರೆ ಗಂಟೆ ಮಿಗುತ್ತದೆ. ಅದರಲ್ಲಿ ಒಂದು ಭಾಗವನ್ನು ಕೆಲಸಕ್ಕೇ ಹಿಂತಿರುಗಿಸಲು ನಾವು ಸಿದ್ಧ.

ಬದಲಿಗೆ ನಾವು ಕೊಡುವುದು:

8. ಹೆಸರು ಬರೆದ ಸ್ವಂತ ಸೀಟು ಇರುವವರೆಲ್ಲ ಅದನ್ನು ಬಿಟ್ಟುಕೊಟ್ಟು, ಬಂದ ದಿನ ಎಲ್ಲರೂ ಸಿಕ್ಕ ಸೀಟಿನಲ್ಲಿ ಕೂರುತ್ತೇವೆ.

9. ಪ್ರತಿ ರಾತ್ರಿ, ಅಂದು ಮನೆಯಲ್ಲಿರುವ ಗುಂಪಿನ ಎಂಟು ಮಂದಿ ಸರದಿಯಂತೆ 7.30ರಿಂದ 10ರವರೆಗೆ ಗ್ರಾಹಕರ ಕರೆಗೆ ಸಿಗುತ್ತಾರೆ, ಮರುದಿನ ಅವರ ಕೆಲಸ ಬೆಳಗ್ಗೆ 11ಕ್ಕೆ ಆರಂಭವಾಗಬೇಕು.

10. ಮನೆಯಲ್ಲಿರುವ ದಿನಗಳ ರಾತ್ರಿ ಕ್ಯಾಬ್ ನಮಗೆ ಬೇಡ. ಆದರೆ ಕಚೇರಿಯಲ್ಲಿ ತಡವಾದ ದಿನ ಮಹಿಳೆಯರಿಗೆ ಮನೆಬಾಗಿಲಿನವರೆಗಿನ ಕ್ಯಾಬ್ ಎಂದಿನಂತೆ ಇರಲೇಬೇಕು.

11. ಇನ್ವರ್ಟರ್ ಮತ್ತು ಎರಡನೆಯ ಇಂಟರ್ನೆಟ್ ಸಂಪರ್ಕದ ಖರ್ಚು ನಮ್ಮದು, ಗ್ರಾಹಕರ ಮಾಹಿತಿ ಕಂಪನಿಯ ಲ್ಯಾಪ್‌ಟಾಪ್ ಬಿಟ್ಟು ಹೊರಹೋಗದಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದು.

12. ಹೊಸಬರು ಸೇರಿದ ಮೊದಲ ಮೂರು ತಿಂಗಳು, ಅವರು ಕಚೇರಿಗೆ ಬರುವ ಎರಡೂ ದಿನ ಒಬ್ಬ ಅನುಭವಿ ಸಹೋದ್ಯೋಗಿ ಅವರ ಪಕ್ಕದಲ್ಲೇ ಕೂರುತ್ತಾರೆ.

(ಮನೆಯಿಂದ ಕೆಲಸದಲ್ಲಿ ನಿಜವಾಗಿ ಪೆಟ್ಟು ತಿನ್ನುವವರು ಹೊಸಬರೇ ಎಂಬ ನಿಮ್ಮ ಮಾತು ಸರಿ, ಅದನ್ನು ನಾವು ಅಲ್ಲಗಳೆಯುವುದಿಲ್ಲ.)

13. ತುರ್ತು ಬಿದ್ದರೆ ಹಿಂದಿನ ದಿನ ಸಂಜೆ 5ರೊಳಗೆ ಹೇಳಿದರೆ ತಿಂಗಳಿಗೆ ಎರಡು ಸಲ ಹೆಚ್ಚುವರಿಯಾಗಿ ಬರುತ್ತೇವೆ.

ಸಂಬಳ ಕಡಿತ ಮತ್ತು ರಜೆ ಬಿಟ್ಟುಕೊಡುವುದು ಈ ಚೌಕಾಸಿಯಲ್ಲಿ ಇಲ್ಲ. ಅದೇ ಕೆಲಸಕ್ಕೆ ಕಡಿಮೆ ಕೂಲಿ ಎಂಬ ಪ್ರಸ್ತಾಪ ಬಂದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಪರೀಕ್ಷೆಯ ಮಾತು. ‘ಕೆಲಸ ಕುಗ್ಗಿದೆ ಅನ್ನಿಸುತ್ತದೆ’ ಎಂಬ ಅನಿಸಿಕೆಯ ಮೇಲೆ ಯಾವ ಏರ್ಪಾಡೂ ಬೀಳಬಾರದು, ಉಳಿಯಲೂಬಾರದು.

14. ಈ ಏರ್ಪಾಡನ್ನು ಮೂರು ತಿಂಗಳ ಪ್ರಯೋಗವಾಗಿ ಆರಂಭಿಸಿ, ಮೂರೇ ಅಳತೆಗಳಿಂದ ತೂಗಬೇಕು: ಗ್ರಾಹಕರಿಗೆ ಮೊದಲ ಉತ್ತರ ಹೋಗಲು ಹಿಡಿದ ಸಮಯ, ವಾರದ ಕೊನೆಗೆ ಬಾಕಿ ಉಳಿದ ಟಿಕೆಟ್‌ಗಳು, ಮತ್ತು ಮುಗಿಯಿತೆಂದು ಮುಚ್ಚಿದ ಮೇಲೆ ಮತ್ತೆ ತೆರೆದುಕೊಂಡ ಟಿಕೆಟ್‌ಗಳು.

15. ಹೋಲಿಕೆಗೆ ಐದು ದಿನದ ಆದೇಶಕ್ಕೆ ಹಿಂದಿನ ಮೂರು ತಿಂಗಳ ಅಂಕಿಗಳನ್ನು, ಪ್ರಯೋಗ ಶುರುವಾಗುವ ಮುನ್ನವೇ ಎರಡೂ ಕಡೆಯವರು ಸಹಿ ಹಾಕಿ ಇಟ್ಟುಕೊಳ್ಳಬೇಕು.

ಮೂರನೆಯ ಅಳತೆಯನ್ನು ನಾವಾಗಿಯೇ ಸೇರಿಸಿದ್ದೇವೆ. ಬಾಕಿ ಕಡಿಮೆ ತೋರಿಸಲು ಅವಸರದಲ್ಲಿ ಟಿಕೆಟ್ ಮುಚ್ಚುವ ಚಾಳಿ ಎಲ್ಲ ತಂಡಗಳಲ್ಲೂ ಇದೆ, ನಮ್ಮಲ್ಲೂ ಇದೆ. ಮತ್ತೆ ತೆರೆದ ಟಿಕೆಟ್ ಎಣಿಸಿದರೆ ಅದು ಬಯಲಾಗುತ್ತದೆ. ಮೂರರಲ್ಲಿ ಎರಡು ಅಳತೆ ಹಿಂದಿಗಿಂತ ಕೆಟ್ಟರೆ ಆದೇಶಕ್ಕೆ ಮುಂಚೆ ಇದ್ದ, ವಾರಕ್ಕೆ ಮೂರು ದಿನ ಬರುವ ಪದ್ಧತಿಗೆ ನಾವೇ ಮರಳುತ್ತೇವೆ.

16. ಭಿನ್ನಾಭಿಪ್ರಾಯ ಬಂದರೆ, ಆಡಳಿತ ಮತ್ತು ನೌಕರರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ನಿವಾರಣಾ ಸಮಿತಿಯ ಮುಂದೆ ಅದನ್ನು ಇಡಬೇಕು.

ಈ ಸಮಿತಿ ನಮ್ಮ ಕಲ್ಪನೆಯಲ್ಲ. ಐಟಿ ಉದ್ದಿಮೆಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುವಾಗ ರಾಜ್ಯ ಸರ್ಕಾರ ಹಾಕಿದ ಷರತ್ತುಗಳಲ್ಲಿ ಅದೂ ಒಂದು. ವಿನಾಯಿತಿಯ ಲಾಭವನ್ನು ಕಂಪನಿ ಪಡೆದಿದೆ. ಸಮಿತಿಯ ಸದಸ್ಯರು ಯಾರೆಂದು ಕೇಳಿದ ನಮ್ಮ ಎರಡು ಪತ್ರಗಳಿಗೆ ಉತ್ತರ ಬಂದಿಲ್ಲ.

17. ಆ ಸದಸ್ಯರ ಹೆಸರುಗಳನ್ನು ಏಳು ದಿನದೊಳಗೆ ಪ್ರಕಟಿಸಬೇಕು.

18. ಈ ಪತ್ರಕ್ಕೆ ಸಹಿ ಹಾಕಿದ ಯಾರನ್ನೂ ಅದೇ ಕಾರಣಕ್ಕೆ ಬೇರೆ ಯೋಜನೆಗೆ ಎತ್ತಂಗಡಿ ಮಾಡಬಾರದು, ಅಪ್ರೈಸಲ್‌ನಲ್ಲಿ ಕೆಳಗಿಳಿಸಬಾರದು.

ಕೆಲಸದ 15 ದಿನಗಳೊಳಗೆ ಒಂದೊಂದು ಅಂಶಕ್ಕೂ ಪ್ರತ್ಯೇಕವಾಗಿ, ಒಪ್ಪಿಗೆ ಇದೆಯೋ ಇಲ್ಲವೋ, ಇಲ್ಲದಿದ್ದರೆ ಏಕೆ ಎಂದು ಬರಹದಲ್ಲಿ ತಿಳಿಸಿ. ಅಲ್ಲಿಯವರೆಗೆ ಐದೂ ದಿನ ಬರುತ್ತೇವೆ, 23 ಮಂದಿ ಕ್ಯಾಂಟೀನಿನಲ್ಲಿಯೇ ಕೂರುತ್ತೇವೆ. ಉತ್ತರ ಬರದಿದ್ದರೆ ಹದಿನಾರನೆಯ ದಿನ ಈ ಪತ್ರದ ಪ್ರತಿ ಕಾರ್ಮಿಕ ಇಲಾಖೆಗೆ ಹೋಗುತ್ತದೆ.

64 ನೌಕರರ ಪರವಾಗಿ,
ಐವರು ಪ್ರತಿನಿಧಿಗಳು
(ಸಹಿಗಳ ಪುಟ ಲಗತ್ತಿಸಿದೆ)